ಮೊದಲ ಮೆಸೇಜಿನ ಎರಡನೇ ಸಾಲು

ಕಡೂರಿನಲ್ಲಿ ದಸ್ತಾವೇಜು ಬರೆಯುವುದು ನನ್ನ ಕಸುಬು. ಕ್ರಯಪತ್ರ, ಪಾಲುಪತ್ರ, ಹಕ್ಕು ಖುಲಾಸೆ, ಎಲ್ಲವೂ ನನ್ನ ಮೇಜಿನ ಮೇಲೆ ಹುಟ್ಟಿವೆ. ಒಡಹುಟ್ಟಿದವರು ಒಬ್ಬರ ಮುಖ ಒಬ್ಬರು ನೋಡದೆ ಸಹಿ ಹಾಕುವುದನ್ನು ನೋಡಿ ನೋಡಿ ನನ್ನ ಮುಖವೂ ಒಂದು ಸ್ಟಾಂಪ್ ಪೇಪರಿನಂತೆ ಆಗಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇಂಥವನನ್ನು ಮದುವೆ ಮಾತಿಗೆ ಕರೆಯಬಾರದು. ಆದರೂ ಕರೆದರು, ಏಕೆಂದರೆ ನಾನು ಹುಡುಗಿಯ ಸೋದರಮಾವ, ಮತ್ತು ಹುಡುಗಿಗೆ ತಂದೆ ಇಲ್ಲ.

ಹುಡುಗಿ ಎಂದರೆ ಅಜ್ಜಂಪುರದ ನನ್ನ ತಂಗಿಯ ಒಬ್ಬಳೇ ಮಗಳು. ಎಮ್ಮೆದೊಡ್ಡಿ ಕಡೆಯ ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರ್. ಹಸುವಿಗೆ ಸೂಜಿ ಚುಚ್ಚುವುದು, ಅಡ್ಡ ಸಿಕ್ಕ ಕರುವನ್ನು ಎಳೆದು ತೆಗೆಯುವುದು, ಬೈಕಿನ ಹಿಂದೆ ಔಷಧದ ಪೆಟ್ಟಿಗೆ ಕಟ್ಟಿಕೊಂಡು ಹುಲ್ಲುಗಾವಲಿನ ಧೂಳು ಕುಡಿಯುವುದು ಅವಳ ಉದ್ಯೋಗ. ವಾರವೆಲ್ಲ ನನ್ನ ಮನೆಯಲ್ಲಿ ಇರುತ್ತಾಳೆ, ಶನಿವಾರ ಅಮ್ಮನ ಹತ್ತಿರ ಹೋಗುತ್ತಾಳೆ. ತಂಗಿಗೆ ಶಿವನಿ ಹತ್ತಿರ ಒಂದು ತೆಂಗಿನ ತೋಟವಿದೆ, ಮಳೆ ನಂಬಿದ ಸ್ವಲ್ಪ ಖುಷ್ಕಿ ಜಮೀನು ಇದೆ. ಖಾತೆ ಅವಳ ಹೆಸರಿನಲ್ಲೇ ಇದೆ. ಅದನ್ನು ಮಾಡಿಸಿದವನು ನಾನೇ.

ಈಗಿನ ಕಾಲದಲ್ಲಿ ಸಂಬಂಧಗಳು ಮೊಬೈಲಿನಲ್ಲಿ ಹುಟ್ಟುತ್ತವೆ. ನಮ್ಮ ಕಡೆ ಹುಡುಗ ಹುಡುಗಿಯರನ್ನು ಹೊಂದಿಸಿ ಕೊಡುವ ಬ್ರೋಕರ್ ಒಬ್ಬ ಇದ್ದಾನೆ, ಕಡೂರಿನವನೇ. ಅವನ ಗುಂಪಿಗೆ ಎಲ್ಲರ ಬಯೋಡೇಟಾ ಬಂದು ಬೀಳುತ್ತದೆ. ಮೇಲೆ ದೇವರ ಚಿತ್ರ, ಕೆಳಗೆ ಎತ್ತರ, ಬಣ್ಣ, ನಕ್ಷತ್ರ. ಜಮೀನಿಗೆ ಬದಲು "ಸ್ಥಿತಿವಂತರು." ಕಟ್ಟಕಡೆಗೆ "ನಿರೀಕ್ಷೆ" ಎಂಬ ಒಂದು ಕಾಲಂ. ಆ ಕಾಲಂನಲ್ಲಿ ಇಡೀ ಮೂರು ತಾಲ್ಲೂಕು ಒಂದೇ ಮಾತು ಬರೆಯುತ್ತದೆ: ಒಳ್ಳೆಯ ಮನೆತನ, ನಮ್ಮದೇನೂ ಇಲ್ಲ. ಆಮೇಲೆ ಎರಡೂ ಮನೆಯವರಲ್ಲಿ ಯಾರಾದರೂ ಒಬ್ಬರು ಇನ್ನೊಬ್ಬರಿಗೆ ನೇರವಾಗಿ ಮೊದಲ ಮೆಸೇಜು ಕಳಿಸುತ್ತಾರೆ. ಅದರಲ್ಲಿ ನಮಸ್ಕಾರ ಇರುತ್ತದೆ, ಕೈ ಮುಗಿದ ಚಿತ್ರಗಳು ಇರುತ್ತವೆ, ವಿಷಯ ಮಾತ್ರ ಇರುವುದಿಲ್ಲ. ವಿಷಯ ಬರುವುದು ಹೆಣ್ಣು ನೋಡಿ, ಉಪ್ಪಿಟ್ಟು ತಿಂದು, ಛತ್ರಕ್ಕೆ ಮುಂಗಡ ಕೊಟ್ಟ ಮೇಲೆ. ಆಗ ಯಾರೂ ಹಿಂದೆ ಸರಿಯುವ ಹಾಗಿರುವುದಿಲ್ಲ. ಇದನ್ನು ನಮ್ಮ ಹಿರಿಯರು ನಾಜೂಕು ಎಂದು ಕರೆದರು.

ತರೀಕೆರೆಯಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಬೋರ್‌ವೆಲ್ ಮೋಟಾರು ರಿಪೇರಿಯ ಅಂಗಡಿ ಇತ್ತು, ಸ್ವಂತದ್ದು. ಫೋಟೋದಲ್ಲಿ ಅವನು ನಗುತ್ತಿರಲಿಲ್ಲ. ನಮ್ಮ ಹುಡುಗಿಗೆ ಅದೇ ಹಿಡಿಸಿತು.

"ಮೊದಲನೇ ಮೆಸೇಜು ನಾವೇ ಕಳಿಸೋಣ ಮಾವ. ಎಲ್ಲಾನೂ ಬರೆದುಬಿಡೋಣ. ಆಗಲ್ಲ ಅನ್ನೋರು ಮನೇಲಿ ಕೂತ್ಕೊಂಡೇ ಆಗಲ್ಲ ಅನ್ನಲಿ," ಎಂದಳು.

ಒಂದು ಭಾನುವಾರ ಅಜ್ಜಂಪುರದ ಪಡಸಾಲೆಯಲ್ಲಿ ಕರಡು ಸಿದ್ಧಪಡಿಸುವ ಮಹತ್ಕಾರ್ಯ ನಡೆಯಿತು. ನಾನು ನನ್ನ ವೃತ್ತಿಗೆ ತಕ್ಕಂತೆ ಆರಂಭಿಸಿದೆ: "ಸದರಿ ವಿವಾಹ ಪ್ರಸ್ತಾಪಕ್ಕೆ ಸಂಬಂಧಿಸಿದಂತೆ ಕನ್ಯೆಯ ಕಡೆಯವರಾದ ನಾವು ಸ್ವಸಂತೋಷದಿಂದಲೂ ಯಾರ ಒತ್ತಾಯವೂ ಇಲ್ಲದೆಯೂ..."

"ಮಾವ, ನನ್ನ ನಾಕೂ ದಿಕ್ಕಿಗೂ ಯಾರ್ಯಾರ ಜಮೀನಿದೆ ಅಂತಾನೂ ಬರೀತೀರಾ?" ಎಂದು ಅವಳು ಫೋನು ಕಿತ್ತುಕೊಂಡಳು.

ಆಮೇಲೆ ಅವಳು ವಿಷಯವನ್ನು ವಿಂಗಡಿಸಿದ ರೀತಿ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಗೊತ್ತಾದರೆ ಮದುವೆ ಮುರಿಯುವಂಥದ್ದು ಯಾವುದು, ಅದು ಮೊದಲ ಮೆಸೇಜಿಗೆ. ಇದ್ದರೆ ಚೆಂದ, ಇಲ್ಲದಿದ್ದರೂ ನಡೆಯುತ್ತದೆ ಎನ್ನುವಂಥದ್ದು ಮುಖಾಮುಖಿ ಮಾತಿಗೆ. ಸಂಬಳ, ಒಡವೆ ಇತ್ಯಾದಿ ಕೇಳಿದರೆ ಮಾತ್ರ. ಖಚಿತವಿಲ್ಲದ್ದನ್ನು ಖಚಿತವಿಲ್ಲ ಎಂದೇ ಬರೆಯಬೇಕು. ಉಳಿದದ್ದು ಇಷ್ಟು:

"ನಮಸ್ಕಾರ. ಹುಡುಗಿಯ ತಾಯಿ, ಸೋದರಮಾವ ಮತ್ತು ಹುಡುಗಿ ಮೂವರೂ ಓದಿ ಒಪ್ಪಿ ಕಳಿಸುತ್ತಿದ್ದೇವೆ. ಒಂದು: ಮದುವೆಯಾದ ಮೇಲೂ ಹುಡುಗಿ ಕೆಲಸ ಬಿಡುವುದಿಲ್ಲ. ತರೀಕೆರೆ ಕಡೆಗೆ ವರ್ಗ ಕೇಳುತ್ತಾಳೆ, ಸಿಗುತ್ತದೆ ಎಂದು ಮಾತು ಕೊಡಲಾಗುವುದಿಲ್ಲ. ಎರಡು: ತಾಯಿಗೆ ಬೇರೆ ಮಕ್ಕಳಿಲ್ಲ, ಮದುವೆಯಾದ ಮೇಲೆ ಅವರು ಮಗಳ ಜೊತೆಯಲ್ಲೇ ಇರುತ್ತಾರೆ; ನಿಮ್ಮ ಮನೆಯಲ್ಲಿ ಕಷ್ಟವಾದರೆ ಪಕ್ಕದಲ್ಲಿ ಬಾಡಿಗೆ ಮನೆ ಮಾಡುತ್ತೇವೆ, ಅದರ ಖರ್ಚು ನಮ್ಮದು. ಮೂರು: ಮದುವೆ ಊರಿನ ಸಮುದಾಯ ಭವನದಲ್ಲಿ, ಸರಳವಾಗಿ. ಇವು ಮೂರೂ ಬದಲಾಗುವುದಿಲ್ಲ. ನಿಮ್ಮ ನಿರೀಕ್ಷೆಗಳನ್ನೂ ಹೀಗೇ ನೇರವಾಗಿ ಬರೆಯಿರಿ, ನಾವು ತಪ್ಪು ತಿಳಿಯುವುದಿಲ್ಲ. ಒಪ್ಪಿಗೆ ಇಲ್ಲದಿದ್ದರೆ 'ಇಲ್ಲ' ಎಂದರೆ ಸಾಕು, ಕಾರಣ ಬೇಡ."

ಎರಡನೇ ಸಾಲು ಓದಿದಾಗ ತಂಗಿ ಒಳಗಿನಿಂದ ಬಂದಳು. ಕೈಯಲ್ಲಿ ಸೌಟು ಇತ್ತು. "ನನ್ನ ವಿಷಯ ಯಾಕೆ ಬರೀತಿದ್ದೀ? ಕಿತ್ತಾಕು ಅದನ್ನ. ಲಗ್ನದ ಕಾಗದದಲ್ಲಿ ಮುದುಕೀನ ಸೇರಿಸ್ತಾರಾ ಯಾರಾದ್ರೂ?"

"ಆಮೇಲೆ ಸೇರಿಸಿದ್ರೆ ಮೋಸ ಆಗ್ತದೆ ಕಣಮ್ಮ."

"ಆಮೇಲೆ ನೋಡ್ಕೊಂಡ್ರಾಯ್ತು."

"ಆಮೇಲೆ ಯಾರು ನೋಡ್ತಾರೆ? ನಾನು ಅವರ ಮನೇಲಿ ಅಳ್ತಾ ಇರ್ತೀನಿ, ನೀನು ಇಲ್ಲಿ ಅಳ್ತಾ ಇರ್ತೀಯ."

ಮೆಸೇಜು ಹೋಯಿತು. ಸಂಜೆಯೊಳಗೆ ಉತ್ತರ ಬಂತು, ಹುಡುಗನ ತಾಯಿಯ ನಂಬರಿನಿಂದ. "ತುಂಬಾ ಸಂತೋಷ. ನಮ್ಮದೇನೂ ಇಲ್ಲ. ಹುಡುಗಿ ಚೆನ್ನಾಗಿದ್ದರೆ ಸಾಕು. ಬುಧವಾರ ಬರುತ್ತೇವೆ." ಕೆಳಗೆ ಕೈ ಮುಗಿದ ಚಿತ್ರಗಳ ಒಂದು ಸಾಲು. ಹುಡುಗಿ ಮತ್ತೆ ಬರೆದಳು: "ನಮ್ಮ ಮೂರು ವಿಷಯ ನಿಮಗೆ ಒಪ್ಪಿಗೆ ತಾನೇ?" ಆ ಕಡೆಯಿಂದ ಮತ್ತಷ್ಟು ಕೈಗಳು ಮುಗಿದವು. ನಮ್ಮ ಕಡೆ ಕೈ ಮುಗಿದರೆ ಒಪ್ಪಿಗೆ ಎಂದು ಅರ್ಥ. ಹೋಗಿ ಬನ್ನಿ ಎಂದೂ ಅರ್ಥ.

ಬುಧವಾರ ಅವರು ಅಜ್ಜಂಪುರಕ್ಕೆ ಬಂದರು: ಹುಡುಗ, ಅವನ ತಾಯಿ, ಒಬ್ಬ ದೊಡ್ಡಪ್ಪ. ದೊಡ್ಡಪ್ಪನವರು ಕುರ್ಚಿಯಲ್ಲಿ ಕೂತ ಗಾಂಭೀರ್ಯ ನೋಡಿದರೆ ಕುರ್ಚಿಯೂ ಅವರ ಪಾಲಿಗೇ ಬಂದದ್ದು ಎನ್ನಿಸುತ್ತಿತ್ತು. ಹುಡುಗ ಮಾತ್ರ ಒಳ್ಳೆಯವನು. ಹಿತ್ತಲಲ್ಲಿ ಹುಡುಗಿಯ ಜೊತೆ ನಿಂತು ಮಾತಾಡಿದ. ಕರು ಅಡ್ಡ ಸಿಕ್ಕರೆ ಹೇಗೆ ತಿರುಗಿಸುತ್ತೀರಿ ಎಂದು ಕೇಳಿದನಂತೆ. ಅವಳು ಗಾಳಿಯಲ್ಲೇ ತೋಳು ತಿರುಗಿಸಿ ತೋರಿಸಿದಳು. ಬೋರ್‌ವೆಲ್ಲಿನೊಳಗೆ ಕಚ್ಚಿಕೊಂಡ ಮೋಟಾರನ್ನು ತಾನು ಎತ್ತುವುದೂ ಹೆಚ್ಚುಕಮ್ಮಿ ಹಾಗೇ ಎಂದು ಅವನು ಹೇಳಿದ. ಅವಳು ನಕ್ಕ ಸದ್ದು ಪಡಸಾಲೆಗೆ ಕೇಳಿಸಿತು. ಅಷ್ಟು ಜೋರಾಗಿ ಅವಳು ನಕ್ಕದ್ದನ್ನು ನಾನು ಅವಳಪ್ಪ ಹೋದ ಮೇಲೆ ಕೇಳಿರಲಿಲ್ಲ. ಒಳಗೆ ಬರುವಾಗ ನನ್ನ ಕಿವಿಯ ಹತ್ತಿರ ಬಂದು, "ಮಾವ, ಆದ್ರೆ ಇವರೇ ಆಗ್ಲಿ," ಎಂದಳು.

ಉಪ್ಪಿಟ್ಟು, ಬಾಳೆಹಣ್ಣು, ಕಾಫಿ ಮುಗಿದವು. ಹುಡುಗನ ತಾಯಿ, "ನಮ್ಮದೇನೂ ಇಲ್ಲ ಕಣ್ರೀ," ಎಂದು ಬಾಯಿ ಒರೆಸಿಕೊಂಡರು.

ಹುಡುಗಿ ಅವರ ಎದುರಿಗೇ ಕೂತಿದ್ದಳು. "ಅಮ್ಮ ನಮ್ಮ ಜೊತೆ ಇರೋದು ಬರೆದಿದ್ವಲ್ಲ. ಅದರ ಬಗ್ಗೆ ಏನಂತೀರಿ ಅಂತ ಹೇಳಲಿಲ್ಲ."

ಹುಡುಗನ ತಾಯಿ ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ನಕ್ಕರು. ಕೆಟ್ಟ ನಗುವೇನಲ್ಲ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ನಗು.

"ಓದಿದ್ವಿ ಕಣಮ್ಮ. ಮೊದಲ್ನೇ ಮೆಸೇಜಲ್ಲಿ ಎಲ್ರೂ ಸ್ವಲ್ಪ ಏರಿಸೇ ಬರೀತಾರೆ. ನಾವು ಇಳಿಸೇ ಓದ್ಕೋತೀವಿ. ಅದಕ್ಕೇನಂತೆ? ಈಗ ನಿಜವಾದ್ದು ಹೇಳಿ."

"ಬರೆದಿದ್ದೇ ನಿಜವಾದ್ದು."

"ಏನಪ್ಪಾ ಯಜಮಾನ್ರೇ," ಎಂದು ದೊಡ್ಡಪ್ಪ ನನ್ನ ಕಡೆ ತಿರುಗಿದರು. "ನೀವು ಪತ್ರ ಬರೆಯೋರು. ನಿಮ್ಗೆ ಗೊತ್ತಿಲ್ವಾ? ಪತ್ರದಲ್ಲಿರೋದು ಒಂದು, ಆಗೋದು ಒಂದು."

ನನಗೆ ಗೊತ್ತಿತ್ತು. ಆದ್ದರಿಂದ ಬಾಳೆಹಣ್ಣಿನ ಸಿಪ್ಪೆಗಳನ್ನು ತಟ್ಟೆಗೆ ಕೂಡಿಸಿದೆ.

ಅಲ್ಲಿಂದ ಮುಂದೆ ಹುಡುಗನ ತಾಯಿಯ "ಏನೂ ಇಲ್ಲ" ಎಂಬುದರ ಒಳಗಿನಿಂದ ಸಾಮಾನು ಒಂದೊಂದಾಗಿ ಹೊರಗೆ ಬಂತು. ಕೆಲಸ ಮಾಡಲಿ, ಯಾರು ಬೇಡ ಅಂದರು? ಮೊದಲ ಮಗುವಿನವರೆಗೆ. ಆದರೆ ಹಸುವಿನ ಗರ್ಭಕ್ಕೆ ಹಾಕಿದ ಕೈಯಲ್ಲಿ ದೇವರ ಮನೆ ದೀಪ ಹಚ್ಚುವುದು ತಮ್ಮ ಮನೆಯಲ್ಲಿ ನಡೆಯುವುದಿಲ್ಲ, ಅದನ್ನು ತಾವೇ ಮಾಡಿಕೊಳ್ಳುತ್ತಾರೆ. ತೋಟದ ಖಾತೆ ಮದುವೆಗೆ ಮುಂಚೆ ಮಗಳ ಹೆಸರಿಗೆ ಆಗಲಿ. ಇದು ಕೇಳುವುದಲ್ಲ, ಹೇಗಿದ್ದರೂ ಅವಳದೇ ಅಲ್ಲವೇ. ಸಮುದಾಯ ಭವನ ಎಂದರೆ ತಮ್ಮ ಕಡೆಯವರು ನಿಲ್ಲುವುದೆಲ್ಲಿ? ಕೊನೆಗೆ ತಂಗಿಯ ಕಡೆ ಕೈ ತೋರಿಸಿ ಹೇಳಿದರು:

"ಇವರು ಬರೋದು ಬೇಡ ಅನ್ನಲ್ಲ. ಬರ್ಲಿ, ಹಬ್ಬಕ್ಕೆ, ಬಾಣಂತನಕ್ಕೆ. ಆದ್ರೆ ಸೊಸೆ ಜೊತೆ ಅವರಮ್ಮಾನೂ ಗಂಟು ಮೂಟೆ ಕಟ್ಕೊಂಡು ಬಂದ್ರೆ, ಜನ ನಮ್ಮನ್ನ ಏನಂತಾರೆ? ಒಂದು ಹಸು ಕೊಂಡ್ರೆ ಒಂದು ಗೊಡ್ಡು ಪುಕ್ಕಟೆ ಅಂತಾರೆ."

ತಂಗಿ ನಗುವುದಕ್ಕೆ ಪ್ರಯತ್ನಿಸಿದಳು. ಅತಿಥಿಗಳು ಹೇಳಿದ್ದು ತಮಾಷೆಯಾದರೆ ನಗಬೇಕು ಎಂಬ ಮರ್ಯಾದೆ ಅವಳಿಗಿತ್ತು. ಹುಡುಗ ನೆಲ ನೋಡುತ್ತಿದ್ದ. ನೆಲದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ರೆಡ್ ಆಕ್ಸೈಡ್ ಅಷ್ಟೆ.

ಹುಡುಗಿ ಎದ್ದು ನಿಂತಳು. "ಇದನ್ನೇ ನೀವು ಮೊದಲು ಬರೆದಿದ್ರೆ, ನಿಮಗೆ ಬಸ್‌ಚಾರ್ಜು ಉಳೀತಿತ್ತು."

"ಕಾರಲ್ಲಿ ಬಂದಿದೀವಿ," ಎಂದರು ದೊಡ್ಡಪ್ಪ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಏಕೆಂದರೆ ಮುಂದಿನ ಸೋಮವಾರ ಹುಡುಗ ಅವಳಿಗೆ ಫೋನು ಮಾಡಿದ. ನಮ್ಮ ಮನೆಯ ಜಗುಲಿಯಲ್ಲಿ ಅವಳು ಮಾತಾಡುತ್ತಿದ್ದಳು, ನಾನು ಪೇಪರು ಓದುತ್ತಿದ್ದೆ, ಅಂದರೆ ಪೇಪರು ಹಿಡಿದುಕೊಂಡಿದ್ದೆ. ಅವನು ಕೇಳಿದ್ದು ಒಂದೇ ಸಾಲು. "ಅಮ್ಮ ಅಜ್ಜಂಪುರದಲ್ಲೇ ಇರ್ತಾರೆ" ಅಂತ ಒಂದು ಮೆಸೇಜು ಹಾಕಿಬಿಡಿ. ಮದುವೆ ಆಗಿ ಹೋಗಲಿ. ಒಂದು ವರ್ಷ ಕಳೆದ ಮೇಲೆ ನಾನೇ ಹೋಗಿ ಕರೆದುಕೊಂಡು ಬರುತ್ತೇನೆ, ಆಣೆ.

"ಆ ಮಾತನ್ನ ನಿಮ್ಮ ಅಮ್ಮನಿಗೆ ಈಗಲೇ ಹೇಳಿ," ಎಂದಳು ಇವಳು.

ಈಗ ಹೇಳಿದರೆ ಕೆಡುತ್ತದೆ ಎಂದನಂತೆ.

"ಆಗ ಹೇಳಿದ್ರೆ ಕೆಡಲ್ವಾ? ಕೆಡೋದು ನಮ್ಮಮ್ಮನ ಮುಂದೆ ಕೆಡ್ತದೆ ಅಷ್ಟೆ. ಅವಳು ಟ್ರಂಕು ಹಿಡ್ಕೊಂಡು ನಿಮ್ಮ ಬಾಗಿಲಲ್ಲಿ ನಿಂತಿರ್ತಾಳೆ."

ಫೋನು ಇಟ್ಟ ಮೇಲೆ ಅವಳು ಬಹಳ ಹೊತ್ತು ಬೈಕು ತೊಳೆದಳು. ಬೈಕು ಬೆಳಿಗ್ಗೆ ತೊಳೆದದ್ದೇ. ಅವಳೇ ಹೇಳಿದಳು: "ಅವರು ಕೆಟ್ಟೋರಲ್ಲ ಮಾವ. ಕಾಯ್ತೀನಿ. ಮನೇಲಿ ಬಾಯಿ ಬಿಟ್ಟು ಹೇಳಿದ್ರೆ ಹೇಳ್ತಾರೆ." ಇದನ್ನು ಅವಳು ಫೋನಿನಲ್ಲಿ ಅಮ್ಮನಿಗೂ ಹೇಳಿದಳು. ಹೇಳಬಾರದಿತ್ತು.

ಮಾರನೆಯ ದಿನ ತಂಗಿ ಬಸ್ಸು ಹತ್ತಿ ಕಡೂರಿಗೆ ಬಂದು ನೇರವಾಗಿ ನನ್ನ ಮೇಜಿನ ಮುಂದೆ ಕೂತಳು. ಕಕ್ಷಿದಾರರು ಕೂರುವ ಸ್ಟೂಲಿನ ಮೇಲೆ, ಕಕ್ಷಿದಾರಳಂತೆಯೇ, ಸೆರಗು ಹೊದ್ದು.

"ಅಣ್ಣ, ಒಂದು ಬರೆದುಕೊಡು. ನಾನು ಮಗಳ ಜೊತೆ ಹೋಗಲ್ಲ, ನಿನ್ನ ಮನೇಲಿ ಇರ್ತೀನಿ ಅಂತ. ಅವರಮ್ಮನಿಗೆ ಕಳಿಸ್ತೀನಿ."

"ನನ್ನ ಮನೇಲಿ ಇರ್ತೀಯಾ?"

"ಇಲ್ಲ. ನಿನ್ನ ಹೆಂಡ್ತಿಗೂ ನಂಗೂ ಆಗಲ್ಲ ಅಂತ ನಿಂಗೊತ್ತಿಲ್ವಾ?"

"ಮತ್ತೆ ಸುಳ್ಳು ಯಾಕೆ ಬರೆಸ್ತೀ?"

"ಅವಳು ನಕ್ಕಿದ್ದು ಕೇಳಿಸ್ಕೊಂಡೆ ಅಣ್ಣ, ಹಿತ್ತಲಲ್ಲಿ."

ನಾನು ಬರೆಯುವುದಿಲ್ಲ ಎಂದೆ. ಮೂವರೂ ಓದಿ ಒಪ್ಪಿದ್ದೇವೆ ಎಂದು ಬರೆದು ಕಳಿಸಿದ ಮೇಲೆ ಒಬ್ಬರು ತಿದ್ದುವ ಹಾಗಿಲ್ಲ, ಕಾನೂನು ಹಾಗಿದೆ ಎಂದು ಗಂಭೀರವಾಗಿ ತಿಳಿಸಿದೆ. ಅವಳು ಆ ಕಾನೂನನ್ನು ಲೆಕ್ಕಕ್ಕೆ ಇಡಲಿಲ್ಲ. ಅವಳಿಗೆ ಟೈಪು ಮಾಡಲು ಬಾರದು. ಆದರೆ ಮಾತು ರೆಕಾರ್ಡು ಮಾಡಿ ಕಳಿಸುವುದನ್ನು ಅಜ್ಜಂಪುರದ ಮಹಿಳಾ ಸಂಘ ಕಲಿಸಿಕೊಟ್ಟಿತ್ತು. ನನ್ನ ಎದುರಿಗೇ, ಕ್ರಯಪತ್ರಕ್ಕೆ ಬಂದವರೆಲ್ಲ ಕೇಳುವಂತೆ, ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳಿದಳು:

"ಅಮ್ಮಾ, ನಾನು ಹುಡುಗಿ ತಾಯಿ ಮಾತಾಡ್ತಿರೋದು. ಅದು ಹುಡುಗು ಬುದ್ಧಿ, ಏನೋ ಬರೆದ್ಬಿಟ್ಟಿದಾಳೆ. ನಾನು ಬರಲ್ಲ ನಿಮ್ಮನೆಗೆ. ಬಾಣಂತನಕ್ಕೂ ಇಲ್ಲಿಗೇ ಕರ್ಕೋತೀನಿ. ನಮ್ಮಣ್ಣನ ಮನೆ ಇದೆ, ನಂಗೇನೂ ತೊಂದ್ರೆ ಇಲ್ಲ. ನಮ್ಮದೇನೂ ಇಲ್ಲ."

ಕೊನೆಯ ಮಾತು ಅವಳ ಬಾಯಿಗೆ ತಾನಾಗಿಯೇ ಬಂತು.

ಆ ಧ್ವನಿ ತರೀಕೆರೆಗೆ ಹೋಗಿ, ಹುಡುಗನ ತಾಯಿಯಿಂದ ದೊಡ್ಡಪ್ಪನಿಗೆ, ದೊಡ್ಡಪ್ಪನಿಂದ ಬ್ರೋಕರಿಗೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಹುಡುಗಿಯ ಫೋನಿಗೆ ಬಂದು ಬಿತ್ತು. ಅವಳು ಎಮ್ಮೆದೊಡ್ಡಿಯಲ್ಲಿ ಯಾರದೋ ಕೊಟ್ಟಿಗೆಯಲ್ಲಿ ಇದ್ದಳು. ಕೈ ತೊಳೆದುಕೊಂಡು ಕೇಳಿಸಿಕೊಂಡಳಂತೆ. ಕೆಳಗೆ ಹುಡುಗನ ತಾಯಿ ಬರೆದಿದ್ದರು: "ನಿಮ್ಮಮ್ಮನೇ ಒಪ್ಪಿದ್ದಾರೆ. ಈಗ ನಿನ್ನದೇನು?"

ಸುಮ್ಮನೆ ಒಂದು ಜೊತೆ ಕೈ ಮುಗಿದಿದ್ದರೆ ಆ ಹುಡುಗ ಅವಳವನಾಗುತ್ತಿದ್ದ. ಅವಳು ಬರೆದಳು: "ಅಮ್ಮ ನನಗೋಸ್ಕರ ಹಾಗೆ ಹೇಳಿದ್ದಾರೆ. ನಾವು ಮೊದಲು ಬರೆದದ್ದೇ ನಿಜ. ಅವರು ನನ್ನ ಜೊತೆಯಲ್ಲೇ ಇರುತ್ತಾರೆ."

ತರೀಕೆರೆಯವರ ನಿರ್ಣಯ ಬ್ರೋಕರಿನ ಮೂಲಕ ಬಂತು. ತಾಯಿಯನ್ನು ಜೊತೆಗಿಟ್ಟುಕೊಳ್ಳುವ ಹುಡುಗಿ ಬೇಡ ಎಂದು ಅವರು ಹೇಳಲಿಲ್ಲ. ಹಾಗೆ ಹೇಳುವಷ್ಟು ಕೆಟ್ಟವರಲ್ಲ. ತಾಯಿ ಒಂದು ಹೇಳುತ್ತಾಳೆ, ಮಗಳು ಒಂದು ಹೇಳುತ್ತಾಳೆ, ಮೂವರೂ ಒಪ್ಪಿ ಬರೆದದ್ದು ಅಂದಿದ್ದೂ ಸುಳ್ಳಾಯಿತು, ಮಾತಿಗೆ ನಿಲ್ಲದ ಮನೆ ನಮಗೆ ಬೇಡ ಎಂದರು. ಈ ಮಾತು ಕಡೂರು, ಬೀರೂರು ಸುತ್ತಿ ನನ್ನ ಮೇಜಿಗೂ ಬಂತು. ಪಾಲುಪತ್ರಕ್ಕೆ ಬಂದ ಒಬ್ಬರು, "ನಿಮ್ಮ ಕಡೆ ಹುಡುಗಿ ವಿಷಯದಲ್ಲಿ ಏನೋ ಸುಳ್ಳು ಹೇಳಿದ್ರಂತಲ್ಲ," ಎಂದು ನನ್ನನ್ನು ಸಮಾಧಾನ ಮಾಡಿದರು. ಹುಡುಗನಿಂದ ಫೋನು ಬರಲಿಲ್ಲ. ಮುಂದೆ ಅವನಿಗೆ ಚಿಕ್ಕಮಗಳೂರು ಕಡೆಯಿಂದ ಹೆಣ್ಣು ತಂದರು. ಅವರ ಮೆಸೇಜಿನಲ್ಲಿ "ನಮ್ಮದೇನೂ ಇಲ್ಲ" ಎಂದೇ ಇತ್ತಂತೆ.

ಹುಡುಗಿ ಅಮ್ಮನ ಮೇಲೆ ಕೂಗಾಡಲಿಲ್ಲ. ಆ ಶನಿವಾರ ಹೋಗಿ, ಊಟ ಮಾಡಿ, ಕೈ ತೊಳೆದುಕೊಂಡು, "ನಿನ್ನಿಂದ ನಾನು ಸುಳ್ಳಿ ಆದೆ ಕಣಮ್ಮ," ಎಂದಳು. ಅಷ್ಟೇ. ಕೂಗಾಡಿದ್ದರೆ ವಾಸಿಯಿತ್ತು ಎಂದು ತಂಗಿ ಆಮೇಲೆ ನನ್ನ ಹತ್ತಿರ ಹೇಳಿಕೊಂಡಳು.

ಕೆಲವು ತಿಂಗಳಾದ ಮೇಲೆ ಬ್ರೋಕರು ಅಜ್ಜಂಪುರಕ್ಕೇ ಬಂದ. ನಾನೂ ಅಲ್ಲಿದ್ದೆ. ಬಂದ ಕಾರಣ ಆ ಎರಡನೇ ಸಾಲು; ಹುಡುಗಿ ಆ ಮೆಸೇಜನ್ನೇ ಈಗ ಬಯೋಡೇಟಾದ "ನಿರೀಕ್ಷೆ" ಕಾಲಂನಲ್ಲಿ ಹಾಕಿದ್ದಳು. ಅದಿರುವ ತನಕ ತನ್ನ ಗುಂಪಿನಲ್ಲಿ ಈ ಬಯೋಡೇಟಾ ಯಾರೂ ತೆರೆದು ನೋಡುವುದಿಲ್ಲ, ತೆಗೆದುಬಿಡಿ ಎಂದ.

"ತೆಗೆಯಲ್ಲ," ಎಂದಳು ಹುಡುಗಿ.

"ಯಾವಾಗಾದ್ರೂ ತೆಗೀಲೇಬೇಕಲ್ವೇನಮ್ಮ?"

ತಂಗಿ ಆ ಹೊತ್ತಿಗೆ ಕಾಫಿ ತಂದಳು. ಮೂರು ಲೋಟ ನಮಗೆ, ಒಂದು ತನಗೆ. "ಅದು ನಂದು, ಸಕ್ಕರೆ ಇಲ್ಲ," ಎಂದು ಬ್ರೋಕರಿನ ಕೈಯಿಂದ ಲೋಟ ಬದಲಾಯಿಸಿದಳು. ಅವನು ಬಹಳ ಕಾಳಜಿಯಿಂದ ವಿಚಾರಿಸಿದ: ಸಕ್ಕರೆ ಕಾಯಿಲೆಯೇ, ಎಷ್ಟು ವರ್ಷದಿಂದ, ಇನ್ಸುಲಿನ್ ತಗೋತೀರಾ, ಕಾಲಿನ ಗಾಯ ಬೇಗ ಒಣಗುತ್ತಾ. ನಮ್ಮ ತಂಗಿಯನ್ನು ಇಷ್ಟು ವಿವರವಾಗಿ ಯಾರೂ ವಿಚಾರಿಸಿರಲಿಲ್ಲ. ಅವಳು ಸಂತೋಷದಿಂದ ಎಲ್ಲಕ್ಕೂ ಉತ್ತರ ಕೊಟ್ಟಳು, ಕಾಲು ಕೂಡ ತೋರಿಸಿದಳು. ಅವನು ಏಳುವಾಗ ಸಾಲು ತೆಗೆಯುವುದು ಬೇಡ ಎಂದ. ಹಾಗೇ ಇರಲಿ, ಒಂದು ದಾರಿ ಇದೆ ಎಂದ.

ಮುಂದಿನ ಭಾನುವಾರ ನಾನು ಮತ್ತೆ ಅಜ್ಜಂಪುರದಲ್ಲಿದ್ದಾಗ ಸಖರಾಯಪಟ್ಟಣದ ಕಡೆಯ ಒಂದು ಮನೆಯಿಂದ ಹುಡುಗಿಗೆ ಮೆಸೇಜು ಬಂತು. ನಮಸ್ಕಾರ ಇತ್ತು, ಕೈ ಮುಗಿದ ಚಿತ್ರ ಇರಲಿಲ್ಲ. ಅವಳು ಓದಿ ನನ್ನ ಕೈಗೆ ಕೊಟ್ಟಳು. "ನೇರವಾಗಿ ಬರೆಯಿರಿ ಎಂದು ನೀವು ಹೇಳಿದ್ದರಿಂದ ಬರೆಯುತ್ತಿದ್ದೇವೆ. ಕೆಲಸಕ್ಕೆ ನಮ್ಮ ಅಡ್ಡಿ ಇಲ್ಲ. ಸರಳ ಮದುವೆ ಒಪ್ಪಿಗೆ. ತಾಯಿಯವರು ಬಂದು ಇರಬಹುದು. ಅವರಿಗೆ ಆರೋಗ್ಯ ಸರಿ ಇಲ್ಲ, ಬಹಳ ದಿನ ಇರುವಂತಿಲ್ಲ ಎಂದು ಬ್ರೋಕರ್ ತಿಳಿಸಿದರು. ಸುಮಾರು ಎಷ್ಟು ವರ್ಷ ಎಂದು ಡಾಕ್ಟರು ಹೇಳಿದ್ದಾರೆ? ಅದರ ಮೇಲೆ ನಾವು ತೀರ್ಮಾನ ಮಾಡುತ್ತೇವೆ. ತಪ್ಪು ತಿಳಿಯಬೇಡಿ."

ಇಷ್ಟು ವರ್ಷ ದಸ್ತಾವೇಜು ಬರೆದವನು ನಾನು. ನಿರೀಕ್ಷೆಯನ್ನು ಇಷ್ಟು ಪ್ರಾಮಾಣಿಕವಾಗಿ, ಇಷ್ಟು ಕಡಿಮೆ ಮಾತಿನಲ್ಲಿ ಬರೆದವರನ್ನು ಕಂಡಿರಲಿಲ್ಲ. ಕಾಗುಣಿತದ ತಪ್ಪೂ ಇರಲಿಲ್ಲ.

ಹುಡುಗಿ ಫೋನು ವಾಪಸು ತೆಗೆದುಕೊಂಡು "ಇಲ್ಲ" ಎಂದು ಬರೆದು ಕಳಿಸಿದಳು. ಕಾರಣ ಬರೆಯಲಿಲ್ಲ.

ತಂಗಿ ಬಾಗಿಲಿಗೆ ಬಂದು ನಿಂತಿದ್ದಳು. "ಎಲ್ಲಿಯವರೇ? ಏನಂತೆ?"

"ಸಖರಾಯಪಟ್ಟಣದೋರು. ಆಗಲ್ವಂತೆ."

"ಯಾಕೆ, ನನ್ನ ದೆಸೆಯಿಂದಾನಾ?"

"ಜಾತಕ ಕೂಡ್ಲಿಲ್ವಂತೆ," ಎಂದಳು ಹುಡುಗಿ, ಅಮ್ಮನ ಮುಖ ನೋಡಿಕೊಂಡೇ.

"ಸದ್ಯ," ಎಂದಳು ತಂಗಿ. ಅವಳ ಮುಖ ಅರಳಿತು. ಮೊಣಕಾಲು ಹಿಡಿದುಕೊಂಡು ತಿರುಗಿ, ನಮಗೆಲ್ಲ ಕಾಫಿ ಮಾಡಲು ಒಳಗೆ ಹೋದಳು.